ಒಗೆದ ಬಟ್ಟೆಯೊಳಗಿನ ಸೋಪು

ಆ ದಿನ ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡಿದ್ದು ಕೆಲವು ವಾರಗಳಿಂದ ದಿನವೂ ಮಾಡುತ್ತಿದ್ದ ಕೆಲಸಗಳನ್ನೇ. ಒಲೆಯ ಮೇಲೆ ಎರಡು ಪಾತ್ರೆ ಇಟ್ಟೆ. ಸಣ್ಣದರಲ್ಲಿ ಹಾಲು, ದೊಡ್ಡದರಲ್ಲಿ ಬಟ್ಟೆ ಒಗೆಯಲು ನೀರು. ಹಾಲು ಉಕ್ಕುವ ಮೊದಲು ಥರ್ಮಾಮೀಟರ್ ಹಿಡಿದು ಮಗಳ ಹಾಸಿಗೆಯ ಬಳಿ ಹೋದೆ. ಅವಳು ಅಜ್ಜಿಯ ಪಕ್ಕದಲ್ಲಿ ಬೋರಲಾಗಿ ಮಲಗಿದ್ದಳು. ಎರಡೂ ಕೈಗೆ ಅವಳಪ್ಪನ ಸಾಕ್ಸು ಹಾಕಿ ಮಣಿಕಟ್ಟಿನ ಹತ್ತಿರ ರಿಬ್ಬನ್ ಕಟ್ಟಿದ್ದೆ, ನಿದ್ದೆಯಲ್ಲಿ ಕೆರೆದುಕೊಳ್ಳಬಾರದು ಎಂದು. ಬಲಗೈಯ ಸಾಕ್ಸು ಕಳಚಿ ಬಿದ್ದಿತ್ತು. ಉಗುರುಗಳನ್ನು ಹಿಂದಿನ ದಿನವೇ ಚರ್ಮಕ್ಕೆ ಅಂಟುವಷ್ಟು ಕತ್ತರಿಸಿದ್ದೆ. ಆದರೂ ತಲೆದಿಂಬಿನ ಮೇಲೆ ಒಂದು ಕಡೆ ತೆಳುವಾದ ರಕ್ತದ ಗೆರೆ ಇತ್ತು, ಕೆಂಪು ಪೆನ್ಸಿಲ್ಲಿನಲ್ಲಿ ಯಾರೋ ಎಳೆದು ಬಿಟ್ಟ ಹಾಗೆ.

"ಜ್ವರ ನೋಡಿದ್ಯೇನವ್ವ?" ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ನೋಡಿದೆ ಅತ್ತೆ. ಜ್ವರ ಇಲ್ಲ."

"ಶಿವನೇ," ಎಂದು ಅವರು ಮಗ್ಗುಲು ಬದಲಿಸಿದರು.

ಜ್ವರದ ಭಯ ನನಗೆ ಹುಟ್ಟಿನಿಂದ ಬಂದದ್ದು. ನನ್ನ ತವರು ಸೊರಬದ ಕಡೆ, ಕ್ಯಾಸನೂರಿಗೆ ಹೆಚ್ಚು ದೂರವಲ್ಲ. ನಮ್ಮಲ್ಲಿ ಬೇಸಿಗೆ ಎಂದರೆ ಮಾವಿನಕಾಯಿಯ ಜೊತೆಗೆ ಮಂಗನ ಕಾಯಿಲೆಯ ಮಾತೂ ಬರುತ್ತಿತ್ತು. ಕಾಡಿನ ಅಂಚಿಗೆ ಹೋಗಿ ಬಂದವರು ಅಂಗಳದಲ್ಲೇ ಬಟ್ಟೆ ಬಿಚ್ಚಬೇಕು, ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಬೇಕು, ಮೈಗೆ ಸೋಪು ಹಚ್ಚಿ ತಿಕ್ಕಿಕೊಳ್ಳಬೇಕು. ಬಟ್ಟೆಯ ಮಡಿಕೆಯಲ್ಲಿ ಆ ಜ್ವರ ತರುವ ಉಣುಗು ಇರಬಹುದು. ಸಾಸಿವೆಗಿಂತ ಚಿಕ್ಕ ಹುಳ, ಕಚ್ಚಿದ್ದು ಆಗ ಗೊತ್ತಾಗುವುದಿಲ್ಲ. ನಾನು ಕಾನ್ವೆಂಟಿನ ಹಾಸ್ಟೆಲ್ಲಿಗೆ ಸೇರಿದಾಗ ಉಳಿದ ಹುಡುಗಿಯರು ರಜೆ ಮುಗಿಸಿ ಹಪ್ಪಳ, ಉಂಡೆ ತಂದರೆ, ನನ್ನ ಪೆಟ್ಟಿಗೆಯಿಂದ ಕುದಿಸಿದ ಬಟ್ಟೆಯ ವಾಸನೆ ಬರುತ್ತಿತ್ತು.

ಆ ಬೇಸಿಗೆಯಲ್ಲಿ ಮಗಳನ್ನು ತವರಿಗೆ ಕಳಿಸಿದ್ದೆ. ನನ್ನ ಅಣ್ಣನ ಮಕ್ಕಳ ಜೊತೆ ಕಾಡಿನಿಂದ ದರಗೆಲೆ ತರಲು ಟ್ರ್ಯಾಕ್ಟರ್ ಹತ್ತಿ ಹೋಗಿದ್ದಾಳೆ. ಒಣಗಿದ ಎಲೆಯ ರಾಶಿಯಲ್ಲಿ ಹೊರಳಾಡಿದ್ದಾಳೆ. ಶಿಕಾರಿಪುರಕ್ಕೆ ವಾಪಸು ಬಂದಾಗ ಸೊಂಟದ ಸುತ್ತ, ಚಡ್ಡಿಯ ಎಲಾಸ್ಟಿಕ್ ಕೂರುವ ಕಡೆ, ಕೆಂಪು ಗುಳ್ಳೆಗಳು. ನೋಡಿದ ಕ್ಷಣಕ್ಕೇ ನನಗೆ ಗೊತ್ತಾಯಿತು, ಉಣುಗು. ಡಾಕ್ಟರೂ ಹೌದು ಎಂದರು. ಇಷ್ಟು ದಿನಕ್ಕೆ ಜ್ವರ ಬರದಿದ್ದರೆ ಹೆದರುವುದು ಬೇಡ ಎಂದು ಅವರು ಕೊಟ್ಟ ಗಡುವೂ ದಾಟಿತು. ಜ್ವರ ಬರಲಿಲ್ಲ. ಆ ಗುಳ್ಳೆಗಳೂ ಒಣಗಿ ಕಪ್ಪು ಚುಕ್ಕೆಗಳಾದವು.

ಆಮೇಲೆ ಶುರುವಾದದ್ದು ಇದು. ಸೊಂಟದಲ್ಲಿ ಮತ್ತೆ ಕೆಂಪಾಯಿತು. ಕುತ್ತಿಗೆ, ಕಂಕುಳು, ಮೊಣಕಾಲಿನ ಹಿಂಬದಿ. ಗುಳ್ಳೆಗಳಲ್ಲ, ಒರಟು ಒರಟಾದ ಪಟ್ಟೆಗಳು. ರಾತ್ರಿಯಿಡೀ ಕೆರೆತ. ಉಣುಗು ಇನ್ನೂ ಮನೆಯೊಳಗೆ, ಬಟ್ಟೆಯೊಳಗೆ ಎಲ್ಲೋ ಉಳಿದುಕೊಂಡಿದೆ ಎಂದು ನಾನು ನಂಬಿದೆ. ಒಗೆದೆ. ಇನ್ನೂ ಹೆಚ್ಚು ಪೌಡರ್ ಹಾಕಿ ಒಗೆದೆ. ಡಾಕ್ಟರ್ ಎರಡನೇ ಸಲ ನೋಡಿ ಕಜ್ಜಿ ಇರಬಹುದು ಎಂದು ಮೈಗೆಲ್ಲ ಹಚ್ಚುವ ಲೋಷನ್ ಬರೆದರು, ಬಟ್ಟೆ ಹಾಸಿಗೆ ಎಲ್ಲ ಬಿಸಿನೀರಿನಲ್ಲಿ ಒಗೆಯಿರಿ ಎಂದರು. ಮತ್ತೆ ಒಗೆದೆ. ಕಡಿಮೆಯಾಗಲಿಲ್ಲ. "ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ?" ಎಂದು ಅವರು ಕೇಳಿದ್ದರು. ಅತ್ತೆ ಅವಳ ಜೊತೆಗೇ ಮಲಗುತ್ತಾರೆ, ಅವರಿಗೆ ಏನೂ ಇಲ್ಲ ಎಂದಿದ್ದೆ. ಕಜ್ಜಿಯಾದರೆ ಜೊತೆಗೆ ಮಲಗುವವರಿಗೂ ಅಂಟಬೇಕಿತ್ತಲ್ಲ ಎಂದು ಡಾಕ್ಟರು ಪೆನ್ನಿನ ತುದಿಯಿಂದ ಮೇಜನ್ನು ತಟ್ಟಿದ್ದರು.

ಅವತ್ತು ಬೆಳಿಗ್ಗೆ ಯೂನಿಫಾರಂ ಹಾಕಲು ಹೋದರೆ ಅವಳು ಗೋಡೆಗೆ ಒತ್ತಿಕೊಂಡು ನಿಂತಳು. ನೀಲಿ ಪಿನಾಫೋರಿನ ಹೊಲಿಗೆಯ ಉದ್ದಕ್ಕೂ ಬಿಳಿ ಗೆರೆ ಇತ್ತು. ಉಗುರಿನಿಂದ ಕೆರೆದರೆ ಹಿಟ್ಟಿನಂತೆ ಉದುರಿತು. ಒಣಗಿಸುವಾಗ ಸುಣ್ಣದ ಗೋಡೆಗೆ ತಾಗಿರಬೇಕು ಎಂದುಕೊಂಡು ಒದ್ದೆ ಕೈಯಿಂದ ಒರೆಸಿದೆ.

"ಬೇಡ ಅಮ್ಮ. ಚುಚ್ಚತ್ತೆ."

"ಒಂದೇ ಹೊತ್ತು ಕಂದಾ."

"ಎಲ್ಲರೂ ದೂರ ಕೂತ್ಕೋತಾರೆ."

ಅದು ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವಳ ಟೀಚರ್ ಫೋನ್ ಬಂತು. ತುಂಬ ಮೃದುವಾಗಿ ಮಾತಾಡಿದರು ಪಾಪ. ಬೇರೆ ಮಕ್ಕಳ ತಾಯಂದಿರು ಕೇಳುತ್ತಿದ್ದಾರೆ, ಪೂರ್ತಿ ವಾಸಿಯಾಗುವ ತನಕ ಮನೆಯಲ್ಲಿ ಇರಲಿ, ಪಾಠ ನಾನು ಆಮೇಲೆ ಹೇಳಿಕೊಡುತ್ತೇನೆ ಎಂದರು. "ಆಯ್ತು ಮಿಸ್" ಎಂದೆ. ನನ್ನ ದನಿ ನಾನೇ ಎರಡನೇ ಕ್ಲಾಸಿನಲ್ಲಿ ನಿಂತಿರುವಂತೆ ಕೇಳಿಸಿತು.

ನನ್ನ ಗಂಡ ಮೆಕ್ಕೆಜೋಳದ ವ್ಯಾಪಾರದವರು. ಅಂಗಡಿಗೆ ಹೊರಟು ನಿಂತು ಬೆಲ್ಟಿನ ಒಳಗೆ ಹೆಬ್ಬೆರಳು ತೂರಿಸಿ ತಮ್ಮ ಸೊಂಟವನ್ನೂ ಒಮ್ಮೆ ಕೆರೆದುಕೊಂಡರು. ಜೋಳದ ಧೂಳು, ಅವರಿಗೆ ಅದು ಮಾಮೂಲು.

"ನಾಳೆ ಶಿವಮೊಗ್ಗಕ್ಕೆ ಹೋಗಿಬಿಡಾಣ. ಚರ್ಮದ ಡಾಕ್ಟರಿಗೆ ಹೇಳಿಸೀನಿ," ಎಂದರು. "ರಕ್ತ ಪರೀಕ್ಷೆ, ಅದೂ ಇದೂ ಎಲ್ಲ ಮಾಡ್ತಾರಂತೆ. ನೀನು ಅಳಬ್ಯಾಡ ಈಗ."

ನಾನು ಅಳುತ್ತಿರಲಿಲ್ಲ. ನನ್ನ ಮುಖ ಆ ದಿನಗಳಲ್ಲಿ ಹಾಗೇ ಇರುತ್ತಿತ್ತು.

ಅವರು ಹೋದ ಮೇಲೆ ಮಷಿನ್ನಿಗೆ ಬಟ್ಟೆ ತುಂಬಿದೆ. ಮೇಲಿನಿಂದ ಬಾಯಿ ತೆರೆಯುವ ಮಷಿನ್. ಅದು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೂ ಮೊದಲು ಅತ್ತೆಯೂ ನಾನೂ ಹಿತ್ತಲಿನ ಕಲ್ಲಿನ ಮೇಲೆ ಒಗೆಯುತ್ತಿದ್ದೆವು. ಮಷಿನ್ ಬಂದರೂ ಪೌಡರ್ ಮಾತ್ರ ಹಳೆಯದೇ, ಬಕೆಟ್ಟಿನಲ್ಲಿ ನೆನೆಸಲು ತರುತ್ತಿದ್ದ ದೊಡ್ಡ ಚೀಲದ್ದು. ಹೊದಿಕೆ, ಟವೆಲ್ಲು, ಅವಳ ಎಲ್ಲ ಫ್ರಾಕು, ತಲೆದಿಂಬಿನ ಚೀಲ, ಎಲ್ಲವನ್ನೂ ಕೈಯಿಂದ ಒತ್ತಿ ಒತ್ತಿ ತುಂಬಿದೆ. ಕಾಯಿಸಿದ ನೀರು ಸುರಿದೆ. ಬೇಗ ಮುಗಿಯುವ ಸೆಟ್ಟಿಂಗಿಗೆ ತಿರುಗಿಸಿದೆ, ನೀರಿನ ಮಟ್ಟ ಕಡಿಮೆಗೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಬೀದಿ ನಮ್ಮದು. ಉಳಿದಂತೆ ಬೋರಿನ ನೀರೇ ಗತಿ. ಆ ಸೆಟ್ಟಿಂಗಿನಲ್ಲಿ ಒಮ್ಮೆ ಮಾತ್ರ ಜಾಲಾಡುತ್ತದೆ, ನೀರು ಉಳಿಯುತ್ತದೆ. ಪೌಡರನ್ನು ಚಹಾದ ಲೋಟದಲ್ಲಿ ಅಳೆಯುತ್ತಿದ್ದೆ. ಅವತ್ತು ಒಂದು ಲೋಟ ಹಾಕಿ, ಮಗಳ ದಿಂಬಿನ ಮೇಲಿನ ಗೆರೆ ನೆನಪಾಗಿ ಇನ್ನೊಂದು ಹಾಕಿದೆ.

ಸ್ವಲ್ಪ ಹೊತ್ತಿಗೆ ಅತ್ತೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒದ್ದೆ ಇರುವಾಗಲೇ ಬಂದು ಮುಚ್ಚಳ ಎತ್ತಿ ಇಣುಕಿದರು.

"ನೊರಿನೇ ಇಲ್ಲಲ್ಲವ್ವ. ಬರೇ ನೀರು ತಿರುಗ್ತತಿ."

"ಬೋರಿನ ನೀರಲ್ವಾ ಅತ್ತೆ, ನೊರೆ ಬರೋದೇ ಕಡಿಮೆ."

"ನೊರಿ ಇಲ್ದ ಆ ಹುಳ ಹೆಂಗ ಸಾಯ್ತತಿ? ಹಾಕ್ತೀನಿ ಬಿಡು ಒಂದು ಹಿಡಿ," ಎಂದು ಅವರೂ ಚೀಲಕ್ಕೆ ಕೈ ಹಾಕಿದರು. ಅವರ ಹಿಡಿ ದೊಡ್ಡದು. ನಾನು ಬೇಡ ಎನ್ನಲಿಲ್ಲ. ಅವರೂ ಅವಳ ಪಕ್ಕದಲ್ಲಿ ನಿದ್ದೆಗೆಟ್ಟವರೇ.

ಅತ್ತೆಯ ಬಟ್ಟೆ ಮಾತ್ರ ಯಾವತ್ತೂ ಮಷಿನ್ನಿಗೆ ಬೀಳುತ್ತಿರಲಿಲ್ಲ. ಲಿಂಗಪೂಜೆಗೆ ಕೂರುವ ಸೀರೆ, ಮನೆಯವರೆಲ್ಲರ ಚಡ್ಡಿ ಬನಿಯನ್ ತಿರುಗಿದ ಕೊಳಗದಲ್ಲಿ ತಿರುಗಬಾರದು ಎಂದು ಅವರ ಹಟ. ಬಾರ್ ಸೋಪು ಒಂದೆರಡು ಸಲ ಎಳೆದು, ಕಲ್ಲಿನ ಮೇಲೆ ಕುಸುಬಿ, ಬಕೆಟ್ಟಿನ ನೀರು ತಿಳಿಯಾಗುವ ತನಕ ಬದಲಿಸಿ ಬದಲಿಸಿ ಅದ್ದಿ ತೆಗೆದು, ತಾವೇ ಹರವುತ್ತಿದ್ದರು. ಆ ಹಟ ನನಗೆ ಸುಮ್ಮನೆ ಕೆಲಸ ಹೆಚ್ಚು ಮಾಡಿಕೊಳ್ಳುವ ಚಾಳಿಯಂತೆ ಕಾಣುತ್ತಿತ್ತು.

ಹನ್ನೊಂದರ ಬಿಸಿಲಿಗೆ ಟವೆಲ್ಲುಗಳು ಬೇಗ ಒಣಗಿದವು. ತಂತಿಯಿಂದ ತೆಗೆದರೆ ಮಡಚಲೇ ಬಾರದಷ್ಟು ಬಿರುಸು. ಒಂದನ್ನು ಮಗಳಿಗೆ ಹೊದಿಸಿದೆ. ಮಗಳು ಎರಡು ನಿಮಿಷಕ್ಕೇ ಅದನ್ನು ಒದ್ದಳು. ಸೆಕೆಗೆ ಮೈ ಬೆವರಿತ್ತು. ಬೆವರಿದ ಕೂಡಲೇ ಕೆರೆತ ಹೆಚ್ಚುತ್ತಿತ್ತು. ಫ್ರಾಕಿನ ಕೊರಳಪಟ್ಟಿಯೊಳಗೆ ಬೆರಳು ತೂರಿಸಿ, ಸಿಗದೆ, ಗೋಡೆಯ ಮೂಲೆಗೆ ಬೆನ್ನು ಉಜ್ಜತೊಡಗಿದಳು. ನಾನು ಹಿಡಿದುಕೊಂಡೆ. ಅವಳು ನನ್ನ ಕೈ ಕಚ್ಚಿದಳು. ಆಮೇಲೆ ತಾನೇ ಹೆದರಿ ಅತ್ತಳು.

"ಅಮ್ಮ, ಈ ಚರ್ಮ ಬಿಚ್ಚಿ ಬೇರೆ ಹಾಕಕ್ಕೆ ಬರಲ್ವಾ?"

ನಾನು ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತು ಅಮ್ಮನಿಗೆ ಫೋನ್ ಮಾಡಿದೆ.

"ಎಂತ ಆತೆ? ಜ್ವರ ಬಂತನೆ?" ಅಮ್ಮನ ಮೊದಲ ಮಾತು.

"ಜ್ವರ ಇಲ್ಲಮ್ಮ. ಮೈಯೆಲ್ಲ ರಕ್ತ ಬರೋ ಹಂಗೆ ಕೆರ್ಕೋತಾಳೆ."

"ಬಟ್ಟೆ ಕುದ್ಸಿದ್ಯ?"

"ದಿನಾ ಕುದಿಯೋ ನೀರು ಹಾಕ್ತಿದೀನಿ."

"ಹಂಗಾರೆ ಉಣುಗು ಅಲ್ಲ ಕಣೆ. ಬಿಸಿನೀರಿಗೆ ಉಣುಗು ಉಳಿಯದಿಲ್ಲೆ," ಎಂದರು ಅಮ್ಮ. "ನನ್ನ ಮನೆಗೆ ಬಂದು ಮಗುಗೆ ಹಿಂಗಾತಲ್ಲೆ. ನಿನ್ನ ಅತ್ತೆ ಎಂತ ಅಂತಾರೆ?"

"ಏನೂ ಅನ್ನಲ್ಲಮ್ಮ."

"ಅನ್ನದೇ ಇದ್ರೂ ಮನ್ಸಲ್ಲಿ ಇರತ್ತೆ."

ಫೋನ್ ಇಟ್ಟೆ. ಉಣುಗಲ್ಲ, ಕಜ್ಜಿಯೂ ಅಲ್ಲ, ಹಾಗಾದರೆ ಏನು? ಹೆಸರು ಗೊತ್ತಿದ್ದ ಭಯಕ್ಕಿಂತ ಹೆಸರಿಲ್ಲದ್ದು ದೊಡ್ಡದಾಗಿತ್ತು. ರಕ್ತ ಪರೀಕ್ಷೆ ಎಂದು ಗಂಡ ಹೇಳಿದ್ದು ಆಗ ತಲೆಗೆ ಹತ್ತಿತು. ರಕ್ತದಲ್ಲೇ ಏನಾದರೂ ಇದ್ದರೆ? ಹಾಸ್ಟೆಲ್ಲಿನಲ್ಲಿ ಹೇಳಿಕೊಡುತ್ತಿದ್ದ ಪ್ರಾರ್ಥನೆಯನ್ನೂ ಅತ್ತೆಯ ಪಂಚಾಕ್ಷರಿಯನ್ನೂ ಒಂದರ ಹಿಂದೆ ಒಂದು ಹೇಳಿಕೊಂಡೆ. ಯಾವುದು ಎಲ್ಲಿ ಮುಗಿಯಿತು ಎಂದು ತಿಳಿಯಲಿಲ್ಲ.

"ಅಮ್ಮ, ತಣ್ಣೀರು ಬಟ್ಟೆ ಹಾಕು ಬೆನ್ನಿಗೆ," ಒಳಗಿನಿಂದ ಕೂಗಿದಳು.

ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನೀರು ಬಿಟ್ಟು, ಆಗತಾನೆ ಒಣಗಿ ಬಂದ ಟವೆಲ್ಲನ್ನು ಅದ್ದಿ ಹಿಂಡಿದೆ. ಬೆರಳುಗಳ ನಡುವೆ ಜಾರಿದಂತಾಯಿತು. ನೋಡಿದರೆ ನೀರು ಅಕ್ಕಿ ತೊಳೆದ ನೀರಿನಂತೆ ಮಸುಕಾಗಿದೆ. ಮೇಲೆ ನೊರೆ.

ಬಕೆಟ್ಟಿನಲ್ಲಿ ಸೋಪು ಉಳಿದಿತ್ತೇನೋ ಎಂದು ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ, ಹೊಸ ನೀರು ಹಿಡಿದೆ. ಬೇರೆ ಟವೆಲ್ಲು ತಂದೆ. ಅದ್ದಿದೆ. ಮತ್ತೆ ಅದೇ ಬಿಳಿ ನೀರು, ಅಂಚಿನ ಸುತ್ತ ಸಣ್ಣ ಗುಳ್ಳೆಗಳ ಸಾಲು. ಒಂದು ಕಾಳು ಪೌಡರ್ ಹಾಕಿಲ್ಲ. ಒಗೆದು, ಜಾಲಾಡಿ, ಬಿಸಿಲಿನಲ್ಲಿ ಒಣಗಿದ ಟವೆಲ್ಲು ಇದು.

ಹಾಗೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಮಗಳ ಮೈಯನ್ನು ಕಣ್ಣ ಮುಂದೆ ತಂದುಕೊಂಡೆ. ಸೊಂಟದಲ್ಲಿ ಎಲಾಸ್ಟಿಕ್ ಒತ್ತುವ ಕಡೆ. ಕೊರಳಪಟ್ಟಿ ಕೂರುವ ಕಡೆ. ಬೆವರು ನಿಲ್ಲುವ ಕಂಕುಳು, ಮೊಣಕಾಲ ಸಂದಿ. ಮುಖದಲ್ಲಿ ಎಡಗೆನ್ನೆ ಮಾತ್ರ, ಅವಳು ದಿಂಬಿಗೆ ಒತ್ತಿ ಮಲಗುವ ಕೆನ್ನೆ. ಕಜ್ಜಿಯಾದರೆ ಮೊದಲು ಕಾಣಬೇಕಾದ ಬೆರಳ ಸಂದಿಗಳು ಮಾತ್ರ ನುಣುಪು. ಇಷ್ಟು ದಿನ ದಿನಕ್ಕೆ ಹತ್ತು ಸಲ ಆ ಮೈಯನ್ನು ನೋಡಿದ್ದೆ, ಹುಳ ಹುಡುಕುತ್ತ.

"ಅತ್ತೆ, ಸ್ವಲ್ಪ ಬರ್ತೀರಾ?"

ಅತ್ತೆ ಬಂದು ಬಾಗಿ ನೋಡಿದರು. "ಬಕೀಟು ಸರಿ ತೊಳದಿಲ್ಲ ನೀನು."

"ತೊಳೆದೆ ಅತ್ತೆ. ಎರಡನೇ ಸಲ ಇದು."

"ಹಂಗಾರ ಬೋರಿನ ನೀರೇ ಹಂಗೈತಿ."

ನನಗೆ ಏನು ಹೊಳೆಯಿತೋ, "ನಿಮ್ಮ ಒಂದು ಸೀರೆ ಕೊಡ್ತೀರಾ, ಒಗೆದಿಟ್ಟಿದ್ದು?" ಎಂದೆ.

"ಪೂಜಿ ಸೀರಿ ಬಚ್ಚಲಾಗ ಹಾಕ್ತಿಯೇನು?"

"ಹಳೇದಾದ್ರೂ ಆದೀತು."

ಅವರು ಗೊಣಗುತ್ತಲೇ ತಂದುಕೊಟ್ಟರು. ಅದೇ ಬಕೆಟ್ಟು, ಅದೇ ಬೋರಿನ ನೀರು. ಸೀರೆಯ ಸೆರಗನ್ನು ಅದ್ದಿ ಕೈಯಲ್ಲಿ ಚೆನ್ನಾಗಿ ಹಿಚುಕಿದೆ. ನೀರು ನೀರಾಗಿಯೇ ಇತ್ತು. ತಳದಲ್ಲಿ ಬಕೆಟ್ಟಿನ ಗೀರುಗಳು ಕಾಣುತ್ತಿದ್ದವು.

ಅತ್ತೆ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಟವೆಲ್ಲನ್ನು ತಾವೇ ಎತ್ತಿ ಹಿಂಡಿದರು. ಬೆರಳನ್ನು ಬೆರಳಿಗೆ ಉಜ್ಜಿ ಮೂಗಿಗೆ ಹಿಡಿದರು.

"ಇಷ್ಟೂ ಕೂಸಿನ ಮೈಗೆ ಹತ್ತೇತೇನವ್ವ?" ಎಂದರು. ಅವರ ದನಿ ಸಣ್ಣದಾಗಿತ್ತು.

"ಹೌದು ಅನ್ಸತ್ತೆ ಅತ್ತೆ. ಬೆವರಿದಾಗ ಬಟ್ಟೆ ಒದ್ದೆಯಾಗತ್ತಲ್ಲ. ಆಗ ಸೋಪು ಬಿಟ್ಕೊಳ್ಳತ್ತೆ. ಹಗಲೂ ರಾತ್ರಿ ಸೋಪಿನ ನೀರಲ್ಲಿ ನೆನೆಸಿಟ್ಟ ಹಂಗೆ."

"ನಾ ಹಿಡಿ ಹಿಡಿ ಹಾಕ್ದೆನಲ್ಲೇ."

"ನಾನು ಲೋಟ ಲೋಟ ಹಾಕಿದೆ."

ಆ ಹೊತ್ತಿಗೆ ಇಬ್ಬರಿಗೂ ಒಬ್ಬರನ್ನೊಬ್ಬರು ಸಮಾಧಾನ ಮಾಡುವ ಶಕ್ತಿ ಇರಲಿಲ್ಲ. ಅತ್ತೆ ಒಳಗೆ ಹೋಗಿ ಮಗಳ ಫ್ರಾಕು ಬಿಚ್ಚಿದರು. ತಣ್ಣೀರಿನಲ್ಲಿ, ಸೋಪು ಹಚ್ಚದೆ, ಮೈ ತೊಳೆಸಿದರು. ತಮ್ಮ ಇನ್ನೊಂದು ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಚಾಪೆಯ ಮೇಲೆ ಹಾಸಿ, ಉಳಿದದ್ದನ್ನು ಅವಳಿಗೆ ಸುತ್ತಿದರು. ಆ ಸೀರೆ ಒಗೆದೊಗೆದು ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಮಗಳು ಅದರ ಅಂಚನ್ನು ಬಾಯಿಗೆ ಇಟ್ಟುಕೊಂಡು ಸುಮ್ಮನೆ ಮಲಗಿದಳು.

ನಾನು ಪೌಡರಿನ ಚೀಲವನ್ನು ತಿರುಗಿಸಿ ಹಿಂಬದಿ ಓದಿದೆ. ಅಷ್ಟು ದಿನಗಳಲ್ಲಿ ಅದೇ ಮೊದಲ ಸಲ. ಕೈಯಲ್ಲಿ ಒಗೆಯಲು ಎಂದು ದಪ್ಪ ಅಕ್ಷರದಲ್ಲೇ ಇತ್ತು. ಬಕೆಟ್ಟಿಗೆ ಹೇಳಿದ ಅಳತೆ ನನ್ನ ಚಹಾದ ಲೋಟದಲ್ಲಿ ತಳ ಮುಚ್ಚಿದರೆ ಹೆಚ್ಚು. ಮಷಿನ್ನಿನ ಜೊತೆ ಬಂದ ಪುಸ್ತಕವನ್ನು ಕಪಾಟಿನಿಂದ ತೆಗೆದು ಅಲ್ಲೇ ನೆಲದ ಮೇಲೆ ಕೂತು ಓದಿದೆ. ಮಷಿನ್ನಿಗೆ ನೊರೆ ಕಡಿಮೆ ಬರುವ ಬೇರೆ ಪೌಡರ್ ಹಾಕಬೇಕು. ನೊರೆ ಹೆಚ್ಚಾದರೆ ಬಟ್ಟೆ ಬಟ್ಟೆಗೆ ತಿಕ್ಕುವುದೇ ಇಲ್ಲ, ನೊರೆಯ ಮೇಲೆ ತೇಲುತ್ತದೆ, ಬಿಟ್ಟ ಕೊಳೆಯೂ ವಾಪಸು ಬಟ್ಟೆಗೇ ಕೂರುತ್ತದೆ. ಬಟ್ಟೆಯ ಮೇಲೆ ಕೈ ಇಟ್ಟರೆ ಒಳಗೆ ಒಂದು ಗೇಣಾದರೂ ಜಾಗ ಉಳಿದಿರಬೇಕು. ಬೋರಿನಂಥ ಗಡಸು ನೀರಿಗೆ ಪೌಡರ್ ತುಸು ಹೆಚ್ಚು ಬೇಕು ಎಂದಿತ್ತು, ನಿಜ. ತುಸು. ಅಂಥ ನೀರಿನಲ್ಲಿ ನೊರೆ ಏಳುವುದು ಕಡಿಮೆ, ಹಾಗೆಂದು ಪೌಡರ್ ಕೆಲಸ ಮಾಡುತ್ತಿಲ್ಲ ಎಂದಲ್ಲ. ನಾವು ಇಬ್ಬರೂ ನೊರೆಯನ್ನೇ ಕಾಯುತ್ತ ನಿಂತಿದ್ದೆವು.

ಓದುತ್ತಾ ಹೋದಂತೆ ನನಗೇ ಒಂದೊಂದಾಗಿ ಹೊಳೆಯಿತು. ಕೊಳೆ ಎಷ್ಟಿದೆಯೋ ಅಷ್ಟನ್ನು ಪೌಡರ್ ಹಿಡಿದೆತ್ತಿ ನೀರಿಗೆ ಬಿಡುತ್ತದೆ. ಮಗಳ ಫ್ರಾಕುಗಳಲ್ಲಿ ಕೊಳೆ ಎಲ್ಲಿತ್ತು, ಹಾಕಿದ ದಿನವೇ ಮತ್ತೆ ಒಗೆದ ಬಟ್ಟೆಗಳು. ಹಿಡಿಯಲು ಏನೂ ಇಲ್ಲದ ಪೌಡರ್ ನೂಲಿನೊಳಗೇ ಕೂತಿತು. ಅದನ್ನು ತೆಗೆಯಬೇಕಾದದ್ದು ಜಾಲಾಡುವ ನೀರು. ಅದನ್ನೇ ನಾನು ಉಳಿಸಿದೆ, ಕಡಿಮೆ ನೀರು, ಒಂದೇ ಸಲ, ಒತ್ತಿ ತುಂಬಿದ ಮಷಿನ್ನು. ಕೈಯಲ್ಲಿ ಒಗೆಯುವವರಿಗೆ ನೀರು ತಿಳಿಯಾಗದಿದ್ದರೆ ಕಣ್ಣಿಗೆ ಕಾಣುತ್ತದೆ, ಇನ್ನೊಂದು ಬಕೆಟ್ ಹಿಡಿಯುತ್ತಾರೆ. ಮಷಿನ್ನಿಗೆ ಕಣ್ಣಿಲ್ಲ. ಹೇಳಿದಷ್ಟು ಸಲ ತಿರುಗಿ ನಿಲ್ಲುತ್ತದೆ, ಒಳಗೆ ಏನೇ ಉಳಿದಿರಲಿ.

ಬಿಸಿನೀರು ಸರಿಯಾಗಿಯೇ ಇತ್ತು. ಅಮ್ಮ ಕಲಿಸಿದ್ದರಲ್ಲಿ ತಪ್ಪಿರಲಿಲ್ಲ. ಉಣುಗನ್ನು ಕೊಲ್ಲುವುದು ಬಿಸಿ. ಅದಕ್ಕೆ ಲೋಟಗಟ್ಟಲೆ ಪೌಡರ್ ಸೇರಿಸಿದ್ದು ನಮ್ಮ ಭಯ.

ಮಧ್ಯಾಹ್ನದ ಊಟ ಯಾರಿಗೂ ನೆನಪಾಗಲಿಲ್ಲ. ಅರ್ಧ ಮಷಿನ್ ಬಟ್ಟೆ ಮಾತ್ರ ಹಾಕಿ, ಪೌಡರ್ ಇಲ್ಲದೆ, ನೀರಿನ ಮಟ್ಟ ಪೂರ್ತಿಗೆ, ಜಾಲಾಡುವುದು ಇನ್ನೊಂದು ಸಲ ಹೆಚ್ಚಿಗೆ ಎಂದು ಒತ್ತಿದೆ. ಮುಚ್ಚಳದ ಗಾಜಿನಿಂದ ನೋಡುತ್ತ ನಿಂತೆವು. ಈ ಸಲ ಜಾಗ ಸಿಕ್ಕು ಬಟ್ಟೆ ತಿರುಗಿದಂತೆ ನೊರೆ ಏಳತೊಡಗಿತು. ಬಟ್ಟೆ ಮುಚ್ಚಿತು. ಗಾಜಿನ ತನಕ ಬಂತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಯಾವಾಗಿಂದ ಕುಂತೈತೇ ಇದು?"

ನನಗೆ ಗೊತ್ತಿರಲಿಲ್ಲ. ಮಷಿನ್ನಿನ ಬಾಯಿಯ ಅಂಚಿನಡಿ ಬೆರಳು ಹಾಕಿದರೆ ಬೂದು ಬಣ್ಣದ ಲೋಳೆ ಬಂತು.

ಎರಡನೇ ಸಲ ತಿರುಗಿಸುವಾಗ ಮೇಲಿನ ಟ್ಯಾಂಕು ಖಾಲಿಯಾಯಿತು. ಮೋಟರ್ ಹಾಕಲು ಹೋದರೆ ಕರೆಂಟೂ ಹೋಯಿತು. ಮಷಿನ್ ನಡುವೆಯೇ ನಿಂತಿತು. ಒಳಗೆ ನೊರೆ, ಹೊರಗೆ ರಾಶಿ ಬಟ್ಟೆ. ನನಗೆ ಅಲ್ಲಿಯೇ ಕೂತು ಗಟ್ಟಿಯಾಗಿ ಅತ್ತುಬಿಡಬೇಕು ಅನ್ನಿಸಿತು. ರಾತ್ರಿ ಅವಳನ್ನು ಯಾವುದರ ಮೇಲೆ ಮಲಗಿಸುವುದು, ನಾಳೆ ಏನು ಹಾಕಿ ಕರೆದುಕೊಂಡು ಹೋಗುವುದು, ಇದೂ ಕಾರಣ ಅಲ್ಲ ಎಂದಾದರೆ ಮುಂದೆ ಯಾವುದನ್ನು ಹಿಡಿದುಕೊಳ್ಳುವುದು.

"ಏಳು," ಎಂದರು ಅತ್ತೆ. "ತೊಟ್ಟಿಯಾಗ ನೀರೈತಿ."

ಹಿತ್ತಲಿನ ತೊಟ್ಟಿಯಿಂದ ಬಕೆಟ್ ಬಕೆಟ್ ತುಂಬಿದೆವು. ಅತ್ತೆ ಕಲ್ಲಿನ ಹತ್ತಿರ ಮಣೆ ಹಾಕಿಕೊಂಡು ಕೂತರು. ಮೊದಲು ಸುಮ್ಮನೆ ನೆನೆಸುವುದು, ನೂಲಿನೊಳಗೆ ಗಟ್ಟಿಯಾಗಿ ಕೂತದ್ದು ಕರಗಲಿ ಎಂದು. ಆಮೇಲೆ ಹಿಚುಕಿ, ಎತ್ತಿ, ಹಿಂಡಿ, ಇನ್ನೊಂದು ಬಕೆಟ್ಟಿಗೆ. ಅಲ್ಲಿಂದ ಮತ್ತೊಂದಕ್ಕೆ. ಹಿಂಡದೆ ಹಾಗೇ ದಾಟಿಸಿದರೆ ಹಳೆಯ ಸೋಪಿನ ನೀರೂ ಜೊತೆಗೇ ದಾಟುತ್ತದೆ ಎಂದು ಅವರು ನನ್ನ ಕೈಯಿಂದ ಫ್ರಾಕು ಕಸಿದು ತೋರಿಸಿದರು. ತೆಳು ಫ್ರಾಕುಗಳು ಬೇಗ ತಿಳಿಯಾದವು. ಟವೆಲ್ಲುಗಳು ಬಿಡಲೊಲ್ಲವು. ಅವುಗಳ ದಾರದ ಕುಣಿಕೆಗಳೊಳಗಿಂದ ಎಷ್ಟು ಸಲ ಅದ್ದಿದರೂ ಬರುತ್ತಲೇ ಇತ್ತು. ಹೊದಿಕೆಯನ್ನು ಇಬ್ಬರೂ ಎರಡು ತುದಿ ಹಿಡಿದು ಎದುರುಬದುರಾಗಿ ತಿರುಚಿದೆವು. ಹಾಸ್ಟೆಲ್ಲಿನಲ್ಲಿ ಒಬ್ಬ ಸಿಸ್ಟರ್ ನಮ್ಮ ಕರ್ಚೀಫು ಒಗೆದ ಕಡೆಯ ನೀರನ್ನು ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮಸುಕಾಗಿದ್ದರೆ ಏನೂ ಬೈಯುತ್ತಿರಲಿಲ್ಲ, ಲೋಟವನ್ನು ನಮ್ಮ ಕೈಗೇ ಕೊಡುತ್ತಿದ್ದರು. ಬಕೆಟ್ಟಿನ ಮುಂದೆ ನನಗೆ ಅವರ ಬಿಳಿ ನಿಲುವಂಗಿಯ ತೋಳು ಕಂಡಂತಾಯಿತು.

ಒಗೆಯುವ ಕಲ್ಲಿನ ಬುಡದಿಂದ ನೀರು ಹಿತ್ತಲಿನ ಕಾಲುವೆಗೆ, ಅಲ್ಲಿಂದ ಬೀದಿಯ ಚರಂಡಿಗೆ ಹರಿಯುತ್ತಲೇ ಇತ್ತು.

ನಡುವೆ ಒಳಗೆ ಹೋಗಿ ನೋಡಿದೆ. ಮಗಳು ಸೀರೆಯೊಳಗೆ ನಿದ್ದೆ ಹೋಗಿದ್ದಳು. ಕೈಗಳು ಎರಡೂ ಬದಿಗೆ ಬಿದ್ದಿದ್ದವು, ಸಾಕ್ಸಿಲ್ಲದೆ. ಎಷ್ಟೋ ದಿನಗಳಿಂದ ಅವಳ ಕೈ ಹಾಗೆ ಸುಮ್ಮನೆ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ನೋಡುತ್ತಿದ್ದಂತೆ ಒಂದು ಕೈ ಎದ್ದು ಕುತ್ತಿಗೆಯ ಹತ್ತಿರ ಹೋಯಿತು. ನಾನು ಚಾಪೆಯ ಬಳಿ ಬಾಗಿದೆ. ಎರಡು ಸಲ ಕೆರೆದು ಮತ್ತೆ ಬಿತ್ತು. ಕಡಿಮೆಯಾಗಿದೆಯೋ, ಬರೀ ಆಯಾಸದ ನಿದ್ದೆಯೋ, ಹೇಳಲು ಬರುವಂತಿರಲಿಲ್ಲ. ಕೆಂಪು ಪಟ್ಟೆಗಳು ಹಾಗೆಯೇ ಇದ್ದವು.

ಸಂಜೆ ನನ್ನ ಗಂಡ ಬಂದಾಗ ಅಂಗಳ, ಕಂಪೌಂಡು, ಸ್ಕೂಟರಿನ ಸೀಟು, ಎಲ್ಲೆಲ್ಲೂ ಒದ್ದೆ ಬಟ್ಟೆ. ಅತ್ತೆ ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ನಾನು ಇನ್ನೂ ಜಾಲಾಡದೆ ಉಳಿದ ಒಂದು ಟವೆಲ್ಲನ್ನು ಅದ್ದಿ ಗಂಡನಿಗೆ ತೋರಿಸಿದೆ. ಅವರು ಬಕೆಟ್ ನೋಡಿದರು, ನನ್ನ ಸುಕ್ಕುಗಟ್ಟಿದ ಬೆರಳು ನೋಡಿದರು. ಆಮೇಲೆ ನಿಧಾನವಾಗಿ ಬೆಲ್ಟು ಸಡಿಲಿಸಿ, ಬನಿಯನ್ ಎತ್ತಿ, ತಮ್ಮ ಸೊಂಟದ ಸುತ್ತಲಿನ ಕೆಂಪು ಗೆರೆಯನ್ನು ಬೆರಳಿನಿಂದ ಮುಟ್ಟಿಕೊಂಡರು.

"ನಾಳೆ ಹೋಗೋದಂತೂ ಹೋಗಾಣ," ಎಂದರು. "ಇದನ್ನೂ ಹೇಳು ಡಾಕ್ಟರಿಗೆ."

"ಏನಂತ ಹೇಳ್ಲಿ? ನಾವೇ ಮಾಡಿದ್ದು ಅಂತಾನಾ?"

"ಹಂಗ ಹೇಳಿದ್ರೂ ಆತು," ಎಂದು ಅತ್ತೆಯೇ ಉತ್ತರ ಕೊಟ್ಟರು. "ಕೂಸಿಗೆ ವಾಸಿ ಆಗ್ಲಿ."

ಕತ್ತಲಾಗುವ ಮುಂಚೆ ಬಟ್ಟೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತ ಗೇಟಿನ ತನಕ ಬಂದೆ. ಫ್ರಾಕುಗಳು ಒಣಗಿದ್ದವು, ಮೆತ್ತಗಿದ್ದವು. ಯಾವ ವಾಸನೆಯೂ ಇರಲಿಲ್ಲ. ಒಂದನ್ನು ಕೆನ್ನೆಗೆ ಒತ್ತಿಕೊಂಡೆ. ಅದನ್ನು ಆ ರಾತ್ರಿ ಅವಳಿಗೆ ಹಾಕಲು ಧೈರ್ಯ ಬರಲಿಲ್ಲ. ಅಜ್ಜಿಯ ಸೀರೆಯಲ್ಲೇ ಇರಲಿ. ಒಳಗಿನಿಂದ ಅವಳ ದನಿ ಕೇಳಿಸುತ್ತಿತ್ತು, ಅಜ್ಜಿಯ ಹತ್ತಿರ ಮಂಡಕ್ಕಿ ಕೇಳುತ್ತಿದ್ದಳು. ಅಳುವಿನ ದನಿಯಲ್ಲ. ಅದನ್ನು ನಂಬಲೋ ಬೇಡವೋ ಎಂದು ಕಿವಿಗೊಟ್ಟು ನಿಂತೆ.

ಪಕ್ಕದ ಮನೆಯವರು ಬಾಗಿಲಿಗೆ ನೀರು ಹಾಕಲು ತಂಬಿಗೆ ಹಿಡಿದು ಬಂದರು. ಚರಂಡಿಯ ಕಡೆ ಒಮ್ಮೆ, ನನ್ನ ತಂತಿಯ ಕಡೆ ಒಮ್ಮೆ ನೋಡಿದರು.

"ಏನ್ರೀ, ಮಧ್ಯಾಹ್ನದಿಂದ ಒಗದಿದ್ದೇ ಒಗದಿದ್ದು. ಗಟಾರದಾಗ ನಮ್ಮ ಗೇಟಿನ ತನಕ ಬೆಳ್ಳಗ ನೊರಿ ಬಂದಿತ್ತು ನೋಡ್ರಿ. ಯಾವ ಪೌಡರ್ರೀ ಅದು? ನಮ್ದು ಎಷ್ಟು ಸುರುವಿದ್ರೂ ಇಷ್ಟು ನೊರಿ ಬರಂಗಿಲ್ಲ."